ಅಜ್ಜ-ಅಜ್ಜಿಯ ಮದುವೆಗೆ ಐವತ್ತು ವರ್ಷ: ಮನೆಮಂದಿಯ ಫೋಟೋ ಕೆಳಗೆ ಏನು ಬರೆಯೋದು?

ಕಾರಟಗಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾರಟಗಿ ಹತ್ತಿರದ ಒಂದು ಹಳ್ಳಿ. ಮೊನ್ನೆ ಭಾನುವಾರ, ಮೇ 18ಕ್ಕೆ, ಅಜ್ಜ-ಅಜ್ಜಿಯ ಮದುವೆಯ ಐವತ್ತು ವರ್ಷದ ಕಾರ್ಯಕ್ರಮ ಮಾಡಿದೆವು. ಮನೆಯ ತಲಬಾಗಿಲ ಮುಂದೆ ಎಲ್ಲರೂ ಕೂತು ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದೇವೆ. 12×18 ಇಂಚು ಮಾಡಿಸಿ, ಚೌಕಟ್ಟು ಹಾಕಿಸಿ, ಪಡಸಾಲೆ ಗೋಡೆಗೆ ಹಾಕಬೇಕು. ಕೆಳಗೆ ಎರಡು ಮೂರು ಸಾಲು ಬರೆಸಬೇಕು. ಆ ಕೆಲಸ ನನ್ನ ತಲೆಗೆ ಬಂದಿದೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಅಂತ.

ನಾನು ಬರೆದದ್ದು ಇದು:

"ಶ್ರೀ ಶರಣಪ್ಪ ಹಾಗೂ ಶ್ರೀಮತಿ ಗಂಗಮ್ಮ ದಂಪತಿಗಳ 50ನೇ ವರ್ಷದ ವಿವಾಹ ವಾರ್ಷಿಕೋತ್ಸವದ ಶುಭ ಸಂದರ್ಭದಲ್ಲಿ ಇಡೀ ಕುಟುಂಬ."

(ಹೆಸರು ಬೇರೆ ಹಾಕಿದ್ದೇನೆ.) ಓದಿದರೆ ಫ್ಲೆಕ್ಸ್ ಬೋರ್ಡ್ ಥರ ಇದೆ. ಏನು ತಪ್ಪು ಅಂತ ಗೊತ್ತಾಗುತ್ತಿಲ್ಲ. ಹೇಳ್ತೀರಾ?

ಕವಿಮನಸು

ತಂಗಿ, ಬಹಳ ಸಂತೋಷ. ಸ್ಟೇಟಸ್‌ಗೆ ಹೀಗೆ ಹಾಕು: "ಎರಡು ಹೃದಯ, ಒಂದು ಪಯಣ, ಐವತ್ತು ವಸಂತ." ಕೆಳಗೆ ಎರಡು ಗುಲಾಬಿ ಹೂವು. ಅಜ್ಜನ ಷಷ್ಟ್ಯಬ್ದಿಗೆ ನನ್ನ ಶುಭಾಶಯ ತಿಳಿಸು.

ಕಾರಟಗಿ ಮೊಮ್ಮಗಳು

ಅಣ್ಣಾ, ಸ್ಟೇಟಸ್‌ಗಲ್ಲ, ಗೋಡೆಗೆ. ಷಷ್ಟ್ಯಬ್ದಿ ಅಜ್ಜನಿಗೆ ಅರವತ್ತು ತುಂಬಿದಾಗ ಆಗಿ ಹೋಗಿದೆ. ಅದು ವಯಸ್ಸಿಗೆ ಮಾಡುವುದು ಅಲ್ವಾ? ಇದು ಮದುವೆಯದ್ದು.

ರಾಯಚೂರು ಹುಡುಗ

"50ನೇ" ಅನ್ನೋದೇ ತಪ್ಪು. ಮದುವೆ ಆಗಿದ್ದು ಯಾವ ವರ್ಷ? 1975 ಆದರೆ ಈಗ ನಡೆಯುತ್ತಿರುವುದು 51ನೇ ವರ್ಷ. ಹಾಗಾಗಿ 51ನೇ ವಾರ್ಷಿಕೋತ್ಸವ ಅಂತ ಬರಬೇಕು. ಎಲ್ಲರೂ ಇದೇ ತಪ್ಪು ಮಾಡ್ತಾರೆ.

ಹಳೇ ಡೆಸ್ಕು, ಕೊಪ್ಪಳ

ಅರ್ಧ ಸರಿ ಹೇಳಿದಿರಿ. ಪತ್ರಿಕೆಯಲ್ಲಿ ಇಂಥ ಫೋಟೋಗಳಿಗೆ ಅಡಿಬರಹ ಬರೆದೇ ನನ್ನ ಅರ್ಧ ಆಯುಷ್ಯ ಹೋಗಿದೆ. ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಮದುವೆ ಆದ ದಿನ ಮೊದಲ ವರ್ಷ ಶುರು. ವರ್ಷ ತುಂಬಿದ ದಿನ ಮೊದಲ ವಾರ್ಷಿಕೋತ್ಸವ, ಅದೇ ದಿನ ಎರಡನೇ ವರ್ಷ ಶುರು. ಹೀಗೆ ಎಣಿಸಿದರೆ 1975ರ ಮದುವೆಗೆ 2025ರಲ್ಲಿ ಐವತ್ತು ತುಂಬುತ್ತದೆ. ಅವತ್ತು 50ನೇ ವಾರ್ಷಿಕೋತ್ಸವ, ಅವತ್ತಿನಿಂದ 51ನೇ ವರ್ಷ. ರಾಯಚೂರು ಹುಡುಗ ಹೇಳಿದ 51ನೇ ವರ್ಷ ನಿಜ, 51ನೇ ವಾರ್ಷಿಕೋತ್ಸವ ಸುಳ್ಳು.

ಮೊಮ್ಮಗಳ ಸಾಲಿನಲ್ಲಿ ಇರುವ ತೊಡಕು ಬೇರೆ. "50ನೇ ವರ್ಷದ ವಾರ್ಷಿಕೋತ್ಸವ" ಅಂದಾಗ ವರ್ಷ ಎರಡು ಸಲ ಬಂತು. "50ನೇ ವರ್ಷ" ಅಂತ ಓದಿದವರು 49 ತುಂಬಿ ಐವತ್ತಕ್ಕೆ ಕಾಲಿಟ್ಟಿದ್ದಾರೆ ಅಂದುಕೊಳ್ಳಬಹುದು. "ಮದುವೆಯಾಗಿ 50 ವರ್ಷ" ಅಂತ ಬರೆದುಬಿಡಿ. ಯಾರೂ ಬೆರಳು ಮಡಚಿ ಎಣಿಸಬೇಕಿಲ್ಲ.

"ದಂಪತಿಗಳ" ಕೂಡ ಬೇಡ. ದಂಪತಿ ಅಂದರೇ ಇಬ್ಬರು. "ಶುಭ ಸಂದರ್ಭದಲ್ಲಿ" ತೆಗೆದರೆ ಏನೂ ಕಳೆದುಹೋಗುವುದಿಲ್ಲ, ಫೋಟೋದಲ್ಲಿ ಹೂವಿನ ಹಾರ ಕಾಣುತ್ತದಲ್ಲ.

ಈಗ ನನ್ನ ಪ್ರಶ್ನೆ. ಮದುವೆಯ ತಾರೀಕು ಗೊತ್ತಾ? ಮೇ 18ಕ್ಕೆ ಮಾಡಿದಿರಿ, ಭಾನುವಾರ. ರಜೆ ಅಂತ ಮಾಡಿದಿರೋ, ಅದೇ ದಿನವೋ?

ಕಾರಟಗಿ ಮೊಮ್ಮಗಳು

ಸಿಕ್ಕಿಬಿದ್ದೆ ಸರ್. ರಜೆ ಅಂತಲೇ ಮಾಡಿದ್ದು. ಸರಿಯಾದ ತಾರೀಕು ಯಾರಿಗೂ ಗೊತ್ತಿಲ್ಲ. ಲಗ್ನಪತ್ರಿಕೆ ಉಳಿದಿಲ್ಲ. ಆದರೆ ಆಯೇರಿ ಬರೆದ ನೋಟುಬುಕ್ಕು ಟ್ರಂಕಿನಲ್ಲಿತ್ತು. ಯಾರು ಎಷ್ಟು ರೂಪಾಯಿ, ಯಾರು ಯಾವ ಸೀರೆ ಅಂತ ಪಟ್ಟಿ. ಮೊದಲ ಹಾಳೆಯ ಮೇಲೆ "ಶಕೆ 1897 ರಾಕ್ಷಸ ನಾಮ ಸಂವತ್ಸರ ವೈಶಾಖ ಶುದ್ಧ" ಅಂತಿದೆ. ತಿಥಿ ಬರೆದ ಜಾಗ ಗೆದ್ದಲು ತಿಂದಿದೆ. ಆಮೇಲೆ "ಸೋಮವಾರ" ಅಂತ ಕಾಣುತ್ತದೆ. ಅಷ್ಟೇ.

ಅಜ್ಜ ಈಗಲೂ "ರಾಕ್ಷಸ ಸಂವತ್ಸರದಾಗ ಮದುವಿ ಆಗೀನಿ, ಅದಕ್ಕ ಹಿಂಗ" ಅಂತಾರೆ. ಅಜ್ಜಿ ಉತ್ತರ ಕೊಡುವುದಿಲ್ಲ, ಚಹಾ ಕೊಡುವುದಿಲ್ಲ.

ನಿವೃತ್ತ ಮಾಸ್ತರ, ಕುಷ್ಟಗಿ

ತಿಥಿ ಗೆದ್ದಲು ತಿಂದರೂ ದಿನ ಸಿಗುತ್ತದೆ ತಾಯಿ. ಶಕೆ 1897 ಅಂದರೆ 1975ರ ಯುಗಾದಿಯಿಂದ ಶುರು. ಆ ವರ್ಷದ ವೈಶಾಖ ಶುದ್ಧ ಮೇ 12ರಿಂದ 25ರವರೆಗೆ. ಆ ಹದಿನಾಲ್ಕು ದಿನದೊಳಗೆ ಸೋಮವಾರ ಬರುವುದು ಎರಡೇ. ಮೇ 12, ಮೇ 19. ಇವೆರಡರಲ್ಲಿ ಯಾವುದು ಅಂತ ಅಜ್ಜಿಯನ್ನು ಕೇಳಬೇಕು. ತಾರೀಕು ಕೇಳಬೇಡ. ಮದುವೆ ಬಸವ ಜಯಂತಿಗಿಂತ ಮುಂಚೆಯೋ, ಆಮೇಲೋ ಅಂತ ಕೇಳು. ಬಸವ ಜಯಂತಿ ವೈಶಾಖ ಶುದ್ಧ ತದಿಗೆ. ಮುಂಚೆ ಅಂದರೆ 12, ಆಮೇಲೆ ಅಂದರೆ 19.

ಕಾರಟಗಿ ಮೊಮ್ಮಗಳು

ಈಗಷ್ಟೇ ಫೋನ್ ಮಾಡಿದೆ. ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಬಸವಣ್ಣನ ಮೆರವಣಿಗಿ ಮುಗಿಸಿಕೊಂಡು, ಮುಂದಿನ ಸೋಮವಾರ ನಮ್ಮಪ್ಪ ನನ್ನ ಧಾರಿ ಎರೆದ" ಅಂದರು. ಅಜ್ಜಿಯ ತವರು ಸಿರುಗುಪ್ಪ ಕಡೆ, ಹೊಳೆಯ ಆಚೆ.

ಹಾಗಾದರೆ 19 ಮೇ 1975. ಅಯ್ಯೋ, ನಾವು ಒಂದು ದಿನ ಮುಂಚೆ ಮಾಡಿದ್ದೇವೆ! ಫೋಟೋ ತೆಗೆದಾಗ ಐವತ್ತು ತುಂಬಿರಲಿಲ್ಲವೇ?

ನಿವೃತ್ತ ಮಾಸ್ತರ, ಕುಷ್ಟಗಿ

ಗಾಬರಿ ಬೇಡ. ತಿಥಿ ಲೆಕ್ಕದಲ್ಲಿ ಈ ವರ್ಷದ ವೈಶಾಖ ಶುದ್ಧ ಮೇ 12ಕ್ಕೇ ಮುಗಿದಿದೆ, ನಿಮ್ಮ ಕಾರ್ಯಕ್ರಮಕ್ಕಿಂತ ಮುಂಚೆ. ಬಸವ ಜಯಂತಿ ಏಪ್ರಿಲ್ 30ಕ್ಕೆ ಬಂದಿತ್ತು ನೋಡು. ಪಂಚಾಂಗದವರಿಗೆ ಐವತ್ತು ಆಗಲೇ ತುಂಬಿತ್ತು. ಕ್ಯಾಲೆಂಡರಿನವರಿಗೆ ಒಂದು ದಿನ ಬಾಕಿ ಇತ್ತು. ನೀವು ನಡುವೆ ಮಾಡಿದ್ದೀರಿ.

ಹಳೇ ಡೆಸ್ಕು, ಕೊಪ್ಪಳ

ಮಾಸ್ತರಿಗೆ ಶರಣು. ಅಡಿಬರಹಕ್ಕೆ ಇದರಿಂದ ಒಂದು ಉಪಾಯ ಸಿಕ್ಕಿತು. ಎರಡು ತಾರೀಕು ಬರೆಯಿರಿ. ಮದುವೆಯದ್ದು ಒಂದು, ಫೋಟೋದ್ದು ಒಂದು. ಮನೆಯಲ್ಲಿರುವ ಹಳೆ ಫೋಟೋಗಳನ್ನು ತೆಗೆದು ನೋಡಿ. "ಅಣ್ಣನ ಮದುವೆ" ಅಂತಿರುತ್ತದೆ, ಯಾವಾಗ ಅಂತ ಇರುವುದಿಲ್ಲ. ಐವತ್ತು ವರ್ಷ ಅಂತಷ್ಟೇ ಬರೆದರೆ, ಇನ್ನೂ ಮೂವತ್ತು ವರ್ಷದ ಮೇಲೆ ನೋಡಿದವರಿಗೆ ಎಲ್ಲಿಂದ ಐವತ್ತು ಅಂತ ತಿಳಿಯುವುದಿಲ್ಲ.

ಊರಿನ ಹೆಸರಿನ ಜೊತೆ ಜಿಲ್ಲೆ ಹಾಕುವುದಾದರೆ ಎಚ್ಚರ. 1975ರಲ್ಲಿ ಕಾರಟಗಿ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಫೋಟೋ ತೆಗೆದ ಜಾಗಕ್ಕೆ ಕೊಪ್ಪಳ ಸರಿ, ಮದುವೆ ನಡೆದ ಜಾಗಕ್ಕೆ ಸರಿಯಲ್ಲ.

ರಾಯಚೂರು ಹುಡುಗ

ನಮ್ಮ ಜಿಲ್ಲೆ ನಮಗೆ ವಾಪಸ್ ಕೊಡಿ.

ಸಿಂಧನೂರು ಸ್ಟುಡಿಯೋ

ತಾರೀಕಿನ ಕಥೆ ಚೆನ್ನಾಗಿದೆ. ಆದರೆ ಹೆಸರುಗಳನ್ನು ಬರೆಯುತ್ತೀರೋ ಇಲ್ಲವೋ ಅದು ಮೊದಲು ತೀರ್ಮಾನ ಆಗಲಿ. ಎಷ್ಟು ಜನ ಇದ್ದಾರೆ? 12×18ರಲ್ಲಿ ಕೆಳಗೆ ಒಂದೂವರೆ ಇಂಚು ಬಿಳಿ ಪಟ್ಟಿ ಬಿಟ್ಟರೆ ಮೂರು ಸಾಲು ಆರಾಮಾಗಿ ಕೂರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು-ಏತ್ವ, ಕೆಳಗೆ ಒತ್ತು, ಹಾಗಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಎಲ್ಲರ ಹೆಸರೂ ತುರುಕಿದರೆ ಇರುವೆ ಸಾಲು ಆಗುತ್ತದೆ. ಅಜ್ಜಿ ಕನ್ನಡಕ ಹಾಕಿದರೂ ಓದಲು ಆಗುವುದಿಲ್ಲ.

ಕಾರಟಗಿ ಮೊಮ್ಮಗಳು

ಜನ ಎಷ್ಟು ಅನ್ನುವುದರಲ್ಲೇ ಜಗಳ ನಡೆದಿದೆ ಅಣ್ಣ. ಮಾವ ಪಟ್ಟಿ ಮಾಡಿದರು. ಅಜ್ಜ-ಅಜ್ಜಿ ಇಬ್ಬರು. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಮೂರು ಸೊಸೆಯರು, ಇಬ್ಬರು ಅಳಿಯಂದಿರು. ಹತ್ತು ಮೊಮ್ಮಕ್ಕಳು. ಕೂಡಿಸಿದರೆ 21. ಫೋಟೋದಲ್ಲಿ ತಲೆ ಎಣಿಸಿದರೆ 20. ಮೂರು ಸಲ ಎಣಿಸಿದೆ.

ಬಳ್ಳಾರಿ ಅಕ್ಕ

ಯಾರೋ ಒಬ್ಬರು ಎರಡು ಸಲ ಬಂದಿದ್ದಾರೆ. ನಿಮ್ಮ ಮನೆಯಲ್ಲಿ ಸೋದರಮಾವನಿಗೆ ಕೊಟ್ಟಿದ್ದೀರಾ?

ಕಾರಟಗಿ ಮೊಮ್ಮಗಳು

ಅಕ್ಕಾ, ನೀವು ಪೊಲೀಸ್ ಆಗಬೇಕಿತ್ತು! ಹೌದು. ನನ್ನ ಅಕ್ಕ ಕವಿತಾಳನ್ನು ನಮ್ಮ ಕೊನೆಯ ಮಾವ ಮಂಜುನಾಥನಿಗೆ ಕೊಟ್ಟಿದ್ದೇವೆ. ಅಜ್ಜಿಗೆ ಮಗಳ ಮಗಳೂ ಅವಳೇ, ಸೊಸೆಯೂ ಅವಳೇ. ಮಾವ ಎರಡೂ ಕಡೆ ಎಣಿಸಿಬಿಟ್ಟಿದ್ದಾರೆ.

ಅವರ ಮಗು ಸಮರ್ಥನ ಕಥೆ ಇನ್ನೂ ಚಂದ. ಮಗನ ಮಗ, ಅಂದರೆ ಮೊಮ್ಮಗ. ಮೊಮ್ಮಗಳ ಮಗ, ಅಂದರೆ ಮರಿಮೊಮ್ಮಗ. "ಮಕ್ಕಳು, ಮೊಮ್ಮಕ್ಕಳು, ಮರಿಮೊಮ್ಮಗನೊಂದಿಗೆ" ಅಂತ ಬರೆಯಿರಿ, ಗತ್ತು ಇರ್ತದೆ ಅಂತ ನಮ್ಮಪ್ಪನ ಒತ್ತಾಯ. ಮಂಜು ಮಾವನಿಗೆ ಸಿಟ್ಟು. "ನನ್ನ ಮಗ ನಮ್ಮಪ್ಪಗ ಮರಿಮೊಮ್ಮಗ ಹೆಂಗಾಗ್ತಾನ?"

ಹಳೇ ಡೆಸ್ಕು, ಕೊಪ್ಪಳ

ಇದು ನಮ್ಮ ಕಡೆಯ ಫೋಟೋಗಳಲ್ಲಿ ಆಗಾಗ ಬರುವ ಗಂಟು. ನಾನು ಕಲಿತ ಉಪಾಯ ಹೇಳ್ತೀನಿ. ಮುಖ ಗುರುತಿಸುವ ಪಟ್ಟಿ ಬೇರೆ, ಸಂಬಂಧ ಹೇಳುವ ಪಟ್ಟಿ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಬಾರದು. "ಎಡದಿಂದ ಎರಡನೆಯವರು, ಹಿರಿಯ ಅಳಿಯ" ಅಂತ ಶುರು ಮಾಡಿದರೆ ಐದನೇ ಹೆಸರಿಗೆ ದಾರಿ ತಪ್ಪುತ್ತದೆ.

ಚೌಕಟ್ಟಿನ ಮುಂದೆ ಮೂರೇ ಸಾಲು: ಇಬ್ಬರ ಹೆಸರು, ಮದುವೆ, ಈ ಫೋಟೋದ ದಿನ ಮತ್ತು ಜಾಗ. ಉಳಿದವರ ಹೆಸರು ಹಿಂದೆ. ಹಿಂದಿನ ಹಾಳೆಯಲ್ಲಿ ಮೊದಲು ಸಾಲು ಪ್ರಕಾರ ಬರೀ ಹೆಸರು: ನೆಲದಲ್ಲಿ ಕುಳಿತವರು, ಕುರ್ಚಿಯಲ್ಲಿ ಕುಳಿತವರು, ನಿಂತವರು. ಇಲ್ಲಿ ಒಬ್ಬರಿಗೆ ಒಂದೇ ಸಲ ಜಾಗ. ಹೆಸರೂ ತಲೆಯೂ ಲೆಕ್ಕ ಕೂಡಬೇಕು, ಕೂಡದಿದ್ದರೆ ಏನೋ ತಪ್ಪಿದೆ ಅಂತ ಅರ್ಥ. ಅದರ ಕೆಳಗೆ ಮನೆ ಪ್ರಕಾರ ಸಂಬಂಧ: ಮಕ್ಕಳು ಹುಟ್ಟಿದ ಕ್ರಮದಲ್ಲಿ, ಒಬ್ಬೊಬ್ಬರದು ಒಂದು ಸಾಲು. ಕವಿತಾ ಅವರ ಹೆಸರು ಅಲ್ಲಿ ಎರಡು ಸಾಲಲ್ಲಿ ಬಂದರೂ ತೊಂದರೆ ಇಲ್ಲ, ಒಂದರಲ್ಲಿ ಮಗಳಾಗಿ, ಇನ್ನೊಂದರಲ್ಲಿ ಹೆಂಡತಿಯಾಗಿ.

ಸಮರ್ಥನ ವಿಷಯ ನಿಮ್ಮ ಮನೆಯ ಹಿರಿಯರು ಬಗೆಹರಿಸಲಿ. ನನ್ನ ಮಟ್ಟಿಗೆ ಅಪ್ಪನ ಸಾಲಿನಲ್ಲಿ ಬರೆದರೆ ಮೊಮ್ಮಗ.

ಬಳ್ಳಾರಿ ಅಕ್ಕ

ತಂಗಿ, ಇನ್ನೊಂದು ಕೇಳಲಾ? ನೀನು "ಇಬ್ಬರು ಗಂಡುಮಕ್ಕಳು, ಮೂರು ಸೊಸೆಯರು" ಅಂತ ಬರೆದಿದ್ದೀಯ.

ಕಾರಟಗಿ ಮೊಮ್ಮಗಳು

ಹೌದು ಅಕ್ಕ. ದೊಡ್ಡ ಮಾವ ಬಸವರಾಜ ತೀರಿಕೊಂಡು ನಾಲ್ಕು ವರ್ಷ ಆಯಿತು. ಶಾಂತತ್ತಿ ಮತ್ತು ಇಬ್ಬರು ಮಕ್ಕಳು ಫೋಟೋದಲ್ಲಿದ್ದಾರೆ.

"ಇಡೀ ಕುಟುಂಬ" ಅಂತ ಬರೆದದ್ದು ನನಗೂ ಆಮೇಲೆ ಚುಚ್ಚಿತು.

ಬಳ್ಳಾರಿ ಅಕ್ಕ

ನಮ್ಮಪ್ಪ-ಅಮ್ಮನ ಫೋಟೋಗೂ ಹೀಗೇ ಆಯಿತು. ತಮ್ಮ ಹೋಗಿ ಒಂದು ವರ್ಷ ಆಗಿತ್ತು. ಅಡಿಬರಹ ಬರೆದವನು "ಮಕ್ಕಳು" ಅಂತ ನಮ್ಮ ಮೂವರ ಹೆಸರು ಸಾಲಾಗಿ ಹಾಕಿದ. ಅವನ ಮನಸ್ಸಲ್ಲಿ ಕೆಟ್ಟದ್ದೇನಿಲ್ಲ, ಫೋಟೋದಲ್ಲಿ ಇದ್ದವರ ಹೆಸರು ಹಾಕಿದ ಅಷ್ಟೇ. ಅಮ್ಮ ಏನೂ ಅನ್ನಲಿಲ್ಲ. ಒಂದು ವಾರದ ಮೇಲೆ ನೋಡಿದರೆ ಫೋಟೋ ಗೋಡೆ ಮೇಲಿಲ್ಲ. ಅಕ್ಕಿ ಚೀಲದ ಹಿಂದೆ ಇಟ್ಟಿದ್ದಳು. ಮತ್ತೆ ಮಾಡಿಸಿದೆವು.

ರಾಯಚೂರು ಹುಡುಗ

ಆದರೆ ಸಂತೋಷದ ಫೋಟೋದಲ್ಲಿ "ದಿವಂಗತ" ಅಂತ ಬರೆಯುವುದು ಸರಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಹಿರಿಯರು ಒಪ್ಪುವುದೇ ಇಲ್ಲ. ಬೇಕಾದರೆ ಮೂಲೆಯಲ್ಲಿ ಅವರ ಚಿಕ್ಕ ಫೋಟೋ ಗೋಲಾಕಾರದಲ್ಲಿ ಕತ್ತರಿಸಿ ಹಾಕಿಸಿ.

ಸಿಂಧನೂರು ಸ್ಟುಡಿಯೋ

ಮೂಲೆಯ ಫೋಟೋ ಜನ ಮಾಡಿಸುತ್ತಾರೆ, ನಾನೂ ಮಾಡಿಕೊಟ್ಟಿದ್ದೇನೆ. ಆದರೆ ಬೆಳಕು ಬೇರೆ, ಕಾಲ ಬೇರೆ. ಎಷ್ಟು ಚೆನ್ನಾಗಿ ಮಾಡಿದರೂ ಅಂಟಿಸಿದ್ದು ಗೊತ್ತಾಗುತ್ತದೆ. ನೋಡಿದವರ ಕಣ್ಣು ಮೊದಲು ಆ ಮೂಲೆಗೇ ಹೋಗುತ್ತದೆ. ಎಲ್ಲರ ನಡುವೆ ನಿಲ್ಲಿಸಿಬಿಡಿ ಅಂತಲೂ ಕೆಲವರು ಕೇಳುತ್ತಾರೆ. ಅದನ್ನು ನಾನು ಮಾಡುವುದಿಲ್ಲ. ಮುಂದೆ ಮೊಮ್ಮಕ್ಕಳು "ಆ ದಿನ ಅವರಿದ್ದರು" ಅಂದುಕೊಳ್ಳುತ್ತಾರೆ.

ಹಳೇ ಡೆಸ್ಕು, ಕೊಪ್ಪಳ

"ದಿ." ಬೇಕೋ ಬೇಡವೋ ಅನ್ನುವುದಕ್ಕೆ ನಿಯಮ ಇಲ್ಲ. ಸುದ್ದಿಗೆ ನಾನು ಹಾಕುತ್ತಿದ್ದೆ, ಮನೆ ಗೋಡೆಗೆ ಹಾಕುವುದಿಲ್ಲ. ಮನೆ ಪ್ರಕಾರದ ಪಟ್ಟಿಯಲ್ಲಿ ಇದು ತಾನಾಗಿ ಸರಿಹೋಗುತ್ತದೆ ನೋಡಿ. "ಬಸವರಾಜ – ಶಾಂತಾ: ಅಮರೇಶ, ಪೂರ್ಣಿಮಾ." ಹುಟ್ಟಿದ ಕ್ರಮದಲ್ಲಿ ಅವರು ಎರಡನೆಯವರು, ಎರಡನೇ ಸಾಲು ಅವರದು. ಮೇಲಿನ ಸಾಲು-ಪಟ್ಟಿಯಲ್ಲಿ ಅವರ ಹೆಸರು ಇಲ್ಲ, ಹಾಗಾಗಿ ಫೋಟೋದಲ್ಲಿ ಇಲ್ಲ ಅಂತ ಓದುವವರಿಗೆ ತಿಳಿಯುತ್ತದೆ. "ದಿ." ಇಲ್ಲದೆಯೂ ಸುಳ್ಳು ಬರೆದಂತೆ ಆಗಲಿಲ್ಲ.

"ಇಡೀ ಕುಟುಂಬ" ತೆಗೆದುಬಿಡಿ. "ಮಕ್ಕಳು, ಮೊಮ್ಮಕ್ಕಳ ಜೊತೆ" ಸಾಕು.

ಕಾರಟಗಿ ಮೊಮ್ಮಗಳು

ಸರ್, ಎಲ್ಲ ಅಮ್ಮನಿಗೆ ಓದಿ ಹೇಳಿದೆ. ಸಾಲು ಪ್ರಕಾರ ಹೆಸರು ಬರೆದಿದ್ದೇನೆ, ಎಡದಿಂದ ಬಲಕ್ಕೆ. ಕುರ್ಚಿಯಲ್ಲಿ: ಮಹಾಂತೇಶ, ಅನ್ನಪೂರ್ಣ, ಗಂಗಮ್ಮ (ತೊಡೆಯ ಮೇಲೆ ಸಮರ್ಥ), ಶರಣಪ್ಪ, ಚನ್ನಪ್ಪ, ಶಾಂತಾ. ಸರಿನಾ?

ಹಳೇ ಡೆಸ್ಕು, ಕೊಪ್ಪಳ

ಎಡ ಅಂದರೆ ನೋಡುವವರ ಎಡ ತಾನೇ? ಹಾಗಾದರೆ ಅಜ್ಜಿ ಅಜ್ಜನ ಬಲಗಡೆ ಕೂತಂತಾಯಿತು. ಹಿರಿಯರಿದ್ದ ಮನೆಯಲ್ಲಿ ಹಾಗೆ ಕೂರಿಸುವುದು ಅಪರೂಪ, ಹೆಂಡತಿಯನ್ನು ಎಡಕ್ಕೆ ಕೂರಿಸುತ್ತಾರೆ. ಫೋಟೋ ಯಾರು ತೆಗೆದದ್ದು?

ಕಾರಟಗಿ ಮೊಮ್ಮಗಳು

ತಮ್ಮ ವಿನಯ. ಅವನೂ ಫೋಟೋದಲ್ಲಿ ಇರಬೇಕಲ್ಲ, ಅದಕ್ಕೆ ಫೋನನ್ನು ಸ್ಟ್ಯಾಂಡಿಗೆ ಹಾಕಿ ಟೈಮರ್ ಇಟ್ಟ. ಪರದೆಯಲ್ಲಿ ಎಲ್ಲರೂ ಕಾಣಲಿ ಅಂತ ಮುಂದಿನ ಕ್ಯಾಮೆರಾ ಹಾಕಿದ.

ಸಿಂಧನೂರು ಸ್ಟುಡಿಯೋ

ಅಲ್ಲೇ ಇರುವುದು ಆಟ. ಕೆಲವು ಫೋನುಗಳು ಮುಂದಿನ ಕ್ಯಾಮೆರಾದ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಉಳಿಸುತ್ತವೆ. ಹಿಂದೆ ಫ್ಲೆಕ್ಸ್ ಇದ್ದಿದ್ದರೆ ಅಕ್ಷರ ತಿರುಗಿ ಕೂಡಲೇ ಗೊತ್ತಾಗುತ್ತಿತ್ತು. ನಿಮ್ಮದರಲ್ಲಿ ಬಾಗಿಲು ಮಾತ್ರ ಇದೆ.

ರಾಯಚೂರು ಹುಡುಗ

ಇದು ಸುಲಭ. ಸೆರಗು ನೋಡಿ. ಸೆರಗು ಎಡಭುಜದ ಮೇಲೆ ಬರುತ್ತದೆ. ಅಜ್ಜಿಯ ಸೆರಗು ಅವರ ಎಡಭುಜದ ಮೇಲೆ ಕಂಡರೆ ಫೋಟೋ ನೆಟ್ಟಗಿದೆ.

ಕಾರಟಗಿ ಮೊಮ್ಮಗಳು

ಅಜ್ಜಿಯದು ಎಡಭುಜದ ಮೇಲೇ ಇದೆ. ಆದರೆ ಅಮ್ಮ, ಅತ್ತಿಯರದು ಬಲಭುಜದ ಮೇಲೆ ಕಾಣುತ್ತಿದೆ. ತಲೆ ಕೆಡ್ತಿದೆ.

ಬಳ್ಳಾರಿ ಅಕ್ಕ

ನಿಮ್ಮಜ್ಜಿ ಹಳೇ ಪದ್ಧತಿಯಲ್ಲಿ ಬಲಗಡೆ ಸೆರಗು ಹೊದೆಯುವವರಲ್ಲವೇ? ನಮ್ಮ ಕಡೆ ಎಷ್ಟೋ ಜನ ವಯಸ್ಸಾದವರು ಹಾಗೇ ಉಡುತ್ತಾರೆ. ಅಜ್ಜಿಯನ್ನು ನೋಡಿ ನಿರ್ಧರಿಸಿದರೆ ಉಲ್ಟಾ ಫೋಟೋ ನೆಟ್ಟಗೆ ಕಾಣುತ್ತದೆ.

ಸಿಂಧನೂರು ಸ್ಟುಡಿಯೋ

ಅಕ್ಕ ಹೇಳಿದ್ದು ಸರಿ. ಸೀರೆ ಬಿಡಿ, ಅಳಿಯಂದಿರ ಅಂಗಿ ಜೇಬು ನೋಡಿ. ಒಂದೇ ಜೇಬಿನ ಅಂಗಿಯಲ್ಲಿ ಅದು ಎಡ ಎದೆಯ ಮೇಲಿರುತ್ತದೆ, ಅಂದರೆ ನಮಗೆ ಬಲಗಡೆ ಕಾಣಬೇಕು. ಎಡಗಡೆ ಕಂಡರೆ ಫೋಟೋ ತಿರುಗಿದೆ.

ಕಾರಟಗಿ ಮೊಮ್ಮಗಳು

ಅಪ್ಪನದ್ದೂ ಮಹಾಂತೇಶ ಮಾವನದ್ದೂ ಜೇಬು ಎಡಗಡೆ ಕಾಣುತ್ತಿದೆ! ಅಜ್ಜಿ ಬಲಗಡೆಯ ಸೆರಗಿನವರೇ, ನನಗೆ ಹೊಳೆಯಲೇ ಇಲ್ಲ. ಅಂದರೆ ನಾನು ಬರೆದ ಅಷ್ಟೂ ಹೆಸರು ಹಿಂದುಮುಂದು.

ಸಿಂಧನೂರು ಸ್ಟುಡಿಯೋ

ಮೊದಲು ಫೋಟೋ ತಿರುಗಿಸಿ, ಆಮೇಲೆ ಹೆಸರು ಬರೆಯಿರಿ. ಹೆಸರು ಬರೆದ ಮೇಲೆ ಯಾರೋ ಫೋಟೋ ತಿರುಗಿಸಿದರೆ ಅಜ್ಜನ ಹೆಸರು ಅಜ್ಜಿಗೆ ಹೋಗುತ್ತದೆ. ನನಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ. 12×18ಕ್ಕೆ ದೊಡ್ಡದು ಮಾಡಿದಾಗ ಹಿಂದೆ ನಿಂತವರ ಮುಖ ಹಿಟ್ಟು ಬಳಿದಂತೆ ಕಾಣುತ್ತದೆ.

ಕಾರಟಗಿ ಮೊಮ್ಮಗಳು

ಎರಡು ದಿನದ ಮೇಲೆ ಬಂದೆ. ನಮ್ಮೂರ ಹತ್ತಿರದ ಒಬ್ಬರ ಹತ್ತಿರ ಮೊದಲು ಪ್ರೂಫ್ ಮಾಡಿಸಿದೆ. ನಾನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಅವರು ಹಾಗೇ ಅಂಟಿಸಿದ್ದಾರೆ. ವರ್ಷ, ಅನ್ನಪೂರ್ಣ, ಕಾರ್ತಿಕ, ಕೀರ್ತಿ, ಪೂರ್ಣಿಮಾ, ಸಮರ್ಥ ಎಲ್ಲ ಕೆಟ್ಟಿದೆ. ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಂತಿದೆ. ನಮ್ಮ ಮನೆಯಲ್ಲಿ ಅರ್ಕಾವೊತ್ತು ಇಲ್ಲದ ಹೆಸರೇ ಕಡಿಮೆ!

ಸಿಂಧನೂರು ಸ್ಟುಡಿಯೋ

ಅವರದು ತಪ್ಪು ಅಂತಲ್ಲ. ಫೋನಿನಲ್ಲಿ ನೀವು ಬರೆಯುವುದು ಯೂನಿಕೋಡ್. ಸ್ಟುಡಿಯೋಗಳಲ್ಲಿ ಇನ್ನೂ ನುಡಿ, ಶ್ರೀಲಿಪಿಯ ಹಳೆ ಫಾಂಟುಗಳು ಓಡುತ್ತವೆ. ಫೋಟೋಶಾಪ್‌ನಲ್ಲಿ ಭಾರತೀಯ ಭಾಷೆಗಳ ಅಕ್ಷರಜೋಡಣೆಯ ಸೆಟ್ಟಿಂಗ್ ಆನ್ ಮಾಡದಿದ್ದರೆ ಯೂನಿಕೋಡ್ ಅಕ್ಷರ ಹೀಗೆ ಒಡೆಯುತ್ತದೆ. ಅವರು ನುಡಿಯಲ್ಲಿ ಮತ್ತೆ ಟೈಪ್ ಮಾಡಿದರೂ ಆದೀತು, ಆಗ ಬೆರಳಚ್ಚಿನ ತಪ್ಪು ಹೊಸದಾಗಿ ಸೇರುತ್ತದೆ. ಅದಕ್ಕಿಂತ ನೀವೇ ಬರೆದು ಪಿಡಿಎಫ್ ಮಾಡಿ ಕೊಡಿ. ಅಕ್ಷರ ಚಿತ್ರದ ಹಾಗೆ ಕೂರುತ್ತದೆ, ಯಾರೂ ಕೆಡಿಸಲು ಆಗುವುದಿಲ್ಲ. ಪ್ರೂಫ್ ನೋಡುವಾಗ ಪೂರ್ತಿ ಓದಬೇಡಿ, ಕಣ್ಣು ತಾನೇ ಸರಿಮಾಡಿಕೊಂಡು ಓದುತ್ತದೆ. ಅರ್ಕಾವೊತ್ತು ಇರುವ ಹೆಸರುಗಳನ್ನಷ್ಟೇ ಹುಡುಕಿ ನೋಡಿ.

ಇನ್ನೊಂದು. ಹಿಂದಿನ ಪಟ್ಟಿಯನ್ನು ಫೋಟೋ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗೆರೆ ಮುಂದೆ ಮೂಡುತ್ತದೆ. ಬೇರೆ ಹಾಳೆಯಲ್ಲಿ ಪ್ರಿಂಟ್ ತೆಗೆದು ಚೌಕಟ್ಟಿನ ಹಿಂದಿನ ರಟ್ಟಿಗೆ ಅಂಟಿಸಿ.

ಕವಿಮನಸು

ಒಂದು ಸಾಲು ಕವಿತೆಗೆ ಜಾಗ ಇಲ್ಲವೇ ತಂಗಿ?

ಕಾರಟಗಿ ಮೊಮ್ಮಗಳು

ಅಜ್ಜನನ್ನು ಕೇಳಿದೆ ಅಣ್ಣ. "ರಾಕ್ಷಸ ಸಂವತ್ಸರ ಅಂತ ಬರಿ" ಅಂದರು. ಬರೆಯಲಿಲ್ಲ.

ಮುಂದಿನ ಮೂರು ಸಾಲು ಕೊನೆಗೆ ಹೀಗಾಯಿತು:

ಶರಣಪ್ಪ – ಗಂಗಮ್ಮ
ಮದುವೆಯಾಗಿ 50 ವರ್ಷ: 19 ಮೇ 1975 – 19 ಮೇ 2025
ಮಕ್ಕಳು, ಮೊಮ್ಮಕ್ಕಳ ಜೊತೆ ನಮ್ಮ ಮನೆಯ ಮುಂದೆ, 18 ಮೇ 2025

ಹಿಂದಿನ ಹಾಳೆ (ಫೋಟೋ ತಿರುಗಿಸಿದ ಮೇಲೆ, ನೋಡುವವರ ಎಡದಿಂದ):

ನೆಲದಲ್ಲಿ: ಕಾರ್ತಿಕ, ಸಹನಾ, ಶಿವು, ಕೀರ್ತಿ
ಕುರ್ಚಿಯಲ್ಲಿ: ಶಾಂತಾ, ಚನ್ನಪ್ಪ, ಶರಣಪ್ಪ, ಗಂಗಮ್ಮ (ತೊಡೆಯ ಮೇಲೆ ಸಮರ್ಥ), ಅನ್ನಪೂರ್ಣ, ಮಹಾಂತೇಶ
ನಿಂತವರು: ವೀರೇಶ, ರೇಣುಕಾ, ಅಮರೇಶ, ಪೂರ್ಣಿಮಾ, ಸುಜಾತಾ, ಮಂಜುನಾಥ, ಕವಿತಾ, ಸವಿತಾ, ವಿನಯ

ಅನ್ನಪೂರ್ಣ – ಚನ್ನಪ್ಪ: ಕವಿತಾ, ಸವಿತಾ, ವಿನಯ
ಬಸವರಾಜ – ಶಾಂತಾ: ಅಮರೇಶ, ಪೂರ್ಣಿಮಾ
ಸುಜಾತಾ – ಮಹಾಂತೇಶ: ಕಾರ್ತಿಕ, ಕೀರ್ತಿ
ವೀರೇಶ – ರೇಣುಕಾ: ಸಹನಾ, ಶಿವು
ಮಂಜುನಾಥ – ಕವಿತಾ: ಸಮರ್ಥ

ಅಪ್ಪನಿಗೆ ಮರಿಮೊಮ್ಮಗ ಅನ್ನುವ ಪದ ಬರಲಿಲ್ಲ ಅಂತ ಇನ್ನೂ ಬೇಜಾರಿದೆ.

ರಾಯಚೂರು ಹುಡುಗ

ಚೆನ್ನಾಗಿದೆ. ಎಣಿಸಿ ನೋಡಿದೆ. 4, 6, ತೊಡೆಯ ಮೇಲೆ 1, 9. ಇಪ್ಪತ್ತು, ಲೆಕ್ಕ ಕೂಡಿತು. ಆದರೂ ಮುಂದೆ ಗೋಡೆ ಮೇಲೆ ಕಾಣುವ ಮೂರು ಸಾಲಿನಲ್ಲಿ ಬಸವರಾಜ ಅವರ ಹೆಸರು ಬರಲೇ ಇಲ್ಲವಲ್ಲ. ಹಿಂದೆ ರಟ್ಟಿಗೆ ಅಂಟಿಸಿದ್ದನ್ನು ಯಾರು ತಿರುಗಿಸಿ ನೋಡುತ್ತಾರೆ? ಮೊದಲು ಬೇಡ ಅಂದವನು ನಾನೇ, ಈಗ ಓದಿದರೆ ಖಾಲಿ ಅನ್ನಿಸುತ್ತದೆ.

ಹಳೇ ಡೆಸ್ಕು, ಕೊಪ್ಪಳ

ಅದು ನಿಜ. ನನ್ನ ಹತ್ತಿರ ಅದಕ್ಕೆ ಒಳ್ಳೆಯ ಉತ್ತರ ಇಲ್ಲ. ಒಬ್ಬರ ಹೆಸರು ಮುಂದೆ ಹಾಕಿದರೆ ಉಳಿದ ನಾಲ್ವರದನ್ನೂ ಹಾಕಬೇಕು.

ಬಳ್ಳಾರಿ ಅಕ್ಕ

ಹಾಕಲಿ ಬಿಡಿ. ಐದು ಹೆಸರು ಒಂದು ಸಾಲು. ಜಾಗ ಇದೆಯಲ್ಲ ಸ್ಟುಡಿಯೋ ಅಣ್ಣ?

ಸಿಂಧನೂರು ಸ್ಟುಡಿಯೋ

ಒಂದೂವರೆ ಇಂಚನ್ನು ಎರಡು ಇಂಚು ಮಾಡಿದರೆ ಆಗುತ್ತದೆ. ಫೋಟೋದ ಮೇಲಿನ ಭಾಗ, ಬಾಗಿಲ ಮೇಲಿನ ತೋರಣ, ಸ್ವಲ್ಪ ಕತ್ತರಿಸಬೇಕಾಗುತ್ತದೆ.

ಕಾರಟಗಿ ಮೊಮ್ಮಗಳು

ಇವತ್ತು ಊರಿಗೆ ಹೋಗಿದ್ದೆ. ಅಜ್ಜಿಗೆ ಎರಡೂ ಪ್ರೂಫ್ ತೋರಿಸಿದೆ, ಮೂರು ಸಾಲಿನದು ಒಂದು, ಐದು ಹೆಸರಿನ ಸಾಲು ಸೇರಿಸಿದ್ದು ಒಂದು. ಅಜ್ಜಿಗೆ ಓದಲು ಬರುವುದಿಲ್ಲ. ಬೆರಳಿಟ್ಟು ಒಂದೊಂದೇ ಹೆಸರು ಓದಿಸಿಕೊಂಡರು. ಅನ್ನಪೂರ್ಣ, ಬಸವರಾಜ, ಸುಜಾತಾ, ವೀರೇಶ, ಮಂಜುನಾಥ. ಎರಡನೇ ಹೆಸರಿನ ಮೇಲೆ ಬೆರಳು ಇಟ್ಟು "ಇದು ಎಷ್ಟು ಅಕ್ಷರ?" ಅಂತ ಕೇಳಿದರು. ಐದು ಅಂದೆ.

"ತೋರಣ ಹೋದರ ಹೋಗ್ಲಿ. ಇದನ್ನ ಹಾಕ್ರಿ" ಅಂದರು.

ಹಿಂದಿನ ಹಾಳೆಯನ್ನೂ ಪೂರ್ತಿ ಓದಿಸಿಕೊಂಡರು. ಎಷ್ಟು ಮಂದಿ ಆದ್ರು ಅಂತ ಕೇಳಿದರು. ಫೋಟೋದಲ್ಲಿ ಇಪ್ಪತ್ತು ಅಂದೆ. ಅಜ್ಜಿ ಬೆರಳು ಮಡಚಿ ತಾವೇ ಎಣಿಸಿದರು. "ಇಪ್ಪತ್ತೊಂದು" ಅಂದರು. ಮಾವ ಪಕ್ಕದಲ್ಲೇ ಇದ್ದರು. "ನಾನು ಮೊದಲೇ ಹೇಳಿರಲಿಲ್ಲೇನು" ಅಂತ ನನ್ನ ಕಡೆ ನೋಡಿದರು. ಅವರ 21 ಬೇರೆ, ಅಜ್ಜಿಯ 21 ಬೇರೆ. ನಾನು ಏನೂ ಹೇಳಲಿಲ್ಲ.

ಸ್ಟುಡಿಯೋ ಅಣ್ಣ, ಎರಡು ಇಂಚಿನದೇ ಮಾಡಿ. ಫೈಲ್ ಡಾಕ್ಯುಮೆಂಟ್ ಆಗಿ ಕಳಿಸಿದ್ದೇನೆ.